ಮೂರು ಬೆರಳಿನ ಬಾಯಿ

ಪುಣೆ ಬಳಿಯ ಚಾಕಣದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಸಿದ್ದಾರೂಢನಿಗೆ ದಿನವಿಡೀ ಬಾಯಲ್ಲಿ ಸುಪಾರಿ ಇರಬೇಕು. ಊಟದಲ್ಲಿ ಬಾಯಿ ಉರಿದಾಗ ಅವನು ಮೆಣಸಿನಕಾಯಿಯನ್ನು ಬೈದ. ಪಾನಿಪುರಿ ಬಾಯೊಳಗೆ ಹೋಗದಿದ್ದಾಗ, ಪುರಿಯನ್ನು ದೊಡ್ಡದು ಮಾಡಿದ್ದಾನೆಂದು ಗಾಡಿಯವನೊಡನೆ ಜಗಳವಾಡಿದ.

"ಪುರಿ ಅಷ್ಟೇ ಅದ ರೀ. ನಿಮ್ಮ ಬಾಯಿ ಸಣ್ಣದಾಗೇದ," ಎಂದಳು ಹೆಂಡತಿ ರೇಣು. ಅವಳೇ ಅವನನ್ನು ನಿಗಡಿಯ ದಂತವೈದ್ಯೆಯ ಬಳಿ ಕರೆದೊಯ್ದಳು.

ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಲು ವೈದ್ಯೆ ಹೇಳಿದರು. ಅವನ ಬಾಯಲ್ಲಿ ಎರಡೇ ಹಿಡಿದವು. ತಾನೂ ಇಟ್ಟು ನೋಡಿದ ರೇಣುವಿನ ಬಾಯಲ್ಲಿ ಮೂರೂ ಹಿಡಿದವು.

"ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದಿದೆ," ಎಂದು ವೈದ್ಯೆ ಮರಾಠಿಯಲ್ಲಿ ಹೇಳಿದರು. "ಪೂರ್ತಿ ಮೊದಲಿನಂತಾಗುವುದು ಕಷ್ಟ. ಮುಂದೆ ಕ್ಯಾನ್ಸರ್ ಆಗಲೂಬಹುದು, ತಪಾಸಣೆ ತಪ್ಪಿಸಬೇಡಿ. ಸುಪಾರಿ ಇಂದೇ ಬಿಡಿ."

ವ್ಯಾಯಾಮಕ್ಕೆಂದು ಚಪ್ಪಟೆ ಮರದ ಕಡ್ಡಿಗಳನ್ನು ಕೊಟ್ಟರು. ಅವನ್ನು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ಸಡಿಲವಾದಾಗ ಇನ್ನೊಂದು ಸೇರಿಸಬೇಕು, ಕೆನ್ನೆ ಜಗ್ಗಿದಂತಾಗಬೇಕು, ನೋಯಬಾರದು.

ಸಿದ್ದಾರೂಢ ಕಂಪನಿ ಬಸ್ಸಿನಲ್ಲೂ ಕಡ್ಡಿ ಕಚ್ಚಿಕೊಂಡು ಕೂತ. ಪಕ್ಕದ ಸೀಟಿನ ಸಹೋದ್ಯೋಗಿ ಶಿವಪುತ್ರಪ್ಪ ಎಂದಿನಂತೆ ಸುಪಾರಿ ಚಾಚಿದರೆ ತಲೆಯಾಡಿಸಿದ. ಬಾಯಿ ತುಂಬ ಕಡ್ಡಿ ಇದ್ದುದರಿಂದ ಬೇಡವೆನ್ನುವುದು ಸುಲಭವಾಯಿತು.

ಕೆಲವು ತಿಂಗಳ ಬಳಿಕ ಮೂರನೆಯ ಬೆರಳು ಅರ್ಧ ಒಳಸೇರಿತು. ಸಿದ್ದಾರೂಢ ಅದನ್ನು ಬಸ್ಸಿನಲ್ಲಿ ಹೆಮ್ಮೆಯಿಂದ ತೋರಿಸಿದ. ಶಿವಪುತ್ರಪ್ಪ ನಕ್ಕು, ಕಿಟಕಿಯತ್ತ ತಿರುಗಿ ತಾನೂ ಬೆರಳಿಟ್ಟು ನೋಡಿದ. ಎರಡೇ ಹಿಡಿದವು.

"ಆ ನಿಗಡಿ ಡಾಕ್ಟರಮ್ಮ ಎಷ್ಟೊತ್ತಿಗೆ ಬರ್ತಾರ್ರಿ?" ಎಂದು ಕೇಳಿದ.