ಆರದ ಕೆಂಪು ದೀಪ

ಸೌಮ್ಯ ಪತ್ರವನ್ನು ಎರಡು ಪ್ರತಿ ಬರೆದಳು. ವಿರೂಪಾಕ್ಷಿಪುರದ ಪಂಚಾಯ್ತಿ ಆಫೀಸಿನಲ್ಲಿ ಎಂಟು ವರ್ಷ ಅರ್ಜಿ ಇಸಿದುಕೊಂಡವಳು. ಒಂದು ಪ್ರತಿ ಇಟ್ಟುಕೊಂಡು ಇನ್ನೊಂದರ ಮೇಲೆ 'ಮುಟ್ಟಿದೆ' ಅಂತ ಸಹಿ ಹಾಕಿಕೊಡುವುದು ಅವಳ ಕೈಗೆ ಹತ್ತಿದ್ದ ಅಭ್ಯಾಸ. ಆದರೆ ಇವತ್ತು ಪೆನ್ನು ಹಾಳೆಯನ್ನೇ ಹರಿಯುವಷ್ಟು ಒತ್ತುತ್ತಿತ್ತು.

'ಮಾನ್ಯ ಬೋರಲಿಂಗಯ್ಯನವರಿಗೆ, ಮೇಲಿನ ಮನೆಯ ಬಾಡಿಗೆದಾರಳಾದ ಸೌಮ್ಯಳ ನಮಸ್ಕಾರ. ಬಚ್ಚಲಿನ ಗೀಸರಿನ ಥರ್ಮೋಸ್ಟಾಟ್ ಕೆಲಸ ಮಾಡುತ್ತಿಲ್ಲ. ನೀರು ಕಾದ ಮೇಲೆ ತಾನಾಗಿ ಆರಬೇಕಾದ ಕೆಂಪು ದೀಪ ನಾವು ಸ್ವಿಚ್ ಆರಿಸುವವರೆಗೂ ಉರಿಯುತ್ತಲೇ ಇರುತ್ತದೆ. ನಲ್ಲಿ ತಿರುಗಿಸಿದರೆ ನೀರಿನ ಜೊತೆ ಹಬೆ ನುಗ್ಗುತ್ತದೆ. ಮೂರು ಸಲ ಬಾಯಲ್ಲಿ ಹೇಳಿದ್ದೇನೆ. ನಿನ್ನೆ ನಮ್ಮ ಅತ್ತೆಯವರ ಕಾಲು ಬೆಂದಿದೆ. ಸಕ್ಕರೆ ಕಾಯಿಲೆಯಿಂದಾಗಿ ಅವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ದಯವಿಟ್ಟು ಇವತ್ತೇ ಸರಿಮಾಡಿಸಿ.'

'ದಯವಿಟ್ಟು' ಹೊಡೆದುಹಾಕೋಣ ಅನ್ನಿಸಿತು. ಹಾಕಲಿಲ್ಲ.

ಬೋರಲಿಂಗಯ್ಯ ಕೆಳಗಿನ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಚನ್ನಪಟ್ಟಣದಲ್ಲೇ ರೆವಿನ್ಯೂ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಕಾಗದ ನೋಡಿದ್ದೇ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಏನವ್ವಾ ಇದು? ಮೆಟ್ಲಿಳಿದ್ರೆ ನಾನು ಇಲ್ಲೇ ಇವ್ನಿ. ನಂಗೇ ನೋಟೀಸಾ?"

"ನೋಟೀಸಲ್ಲ ಸಾರ್. ಓದ್ಕೊಂಡು ಈ ಇನ್ನೊಂದ್ರ ಮ್ಯಾಲೆ ಸಹಿ ಹಾಕ್ಕೊಡಿ."

"ಸಹಿ ಬೇರೆ! ಒಂದು ಗೀಸರ್‌ಗೆ! ಕಾದ ನೀರಿಗೆ ತಣ್ಣೀರು ಬೆರೆಸ್ಕೊಂಡ್ರಾಯ್ತು. ನಮ್ಮಟ್ಟೀಲಿ ಹಂಡೇಲಿ ಕುದಿಯೋದು ನೀರು. ಯಾರೂ ಸಾಯ್ಲಿಲ್ಲ."

"ಹಂಡೆ ಕುದಿಯೋದು ಕಣ್ಣಿಗೆ ಕಾಣ್ತದೆ ಸಾರ್, ಒಲೆ ಕೆಂಡಾನೂ ಕಾಣ್ತದೆ. ನಲ್ಲೀಲಿ ಏನು ಬತ್ತದೆ ಅಂತ ನಮ್ಮತ್ತೆ ಹೆಂಗೆ ನೋಡ್ಬೇಕು?" ಸೌಮ್ಯ ಕೇಳಿದಳು.

ಮಾತು ಕೇಳಿ ಅವರ ಹೆಂಡತಿ ಚಿನ್ನಮ್ಮ ಸೊಪ್ಪು ಬಿಡಿಸುತ್ತಿದ್ದ ಮೊರ ಹಿಡಿದೇ ಹೊರಗೆ ಬಂದಳು. "ಒಸಿ ಓದಿ, ನಾನೂ ಕೇಳ್ತೀನಿ," ಅಂದಳು.

ಬೋರಲಿಂಗಯ್ಯ ಗಟ್ಟಿಯಾಗಿಯೇ ಶುರುಮಾಡಿದರು. 'ಕಾಲು ಬೆಂದಿದೆ' ಅನ್ನುವಲ್ಲಿಗೆ ದನಿ ಇಳಿಯಿತು. ಚಿನ್ನಮ್ಮ ಮೊರ ಕೆಳಗಿಟ್ಟು, ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದಳು.

ಸೌಮ್ಯಳ ಅತ್ತೆ ಹನುಮಂತಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿಯಿಂದ ಬೆರಳವರೆಗೂ ಬೊಬ್ಬೆ ಎದ್ದು ಒಡೆದಿತ್ತು. ಆಸ್ಪತ್ರೆಯ ಮುಲಾಮು ಅದರ ಮೇಲೆ ಬೆಳ್ಳಗೆ ಮೆತ್ತಿಕೊಂಡಿತ್ತು.

"ನೋವೈತಾ ಅಕ್ಕಾ?"

"ಇಲ್ಲ ಕಣವ್ವ. ಅದೇ ಭಯ. ನೀರು ಹುಯ್ಕೋತಾನೇ ಇದ್ದೆ. ಸೊಸೆ ಬಂದು ಕಿರುಚ್ಕೊಂಡ್ಮೇಲೆ ಕೆಳಗೆ ನೋಡ್ದೆ. ಒಣಗ್ದೆ ಹೋದ್ರೆ ಬೆರಳು ತೆಗೀತೀವಿ ಅಂದವ್ರೆ ಡಾಕ್ಟ್ರು."

ಚಿನ್ನಮ್ಮ ಕೆಳಗೆ ಬಂದಾಗ ಮುಖ ಬಿಗಿದುಕೊಂಡಿತ್ತು. "ಸರ್ವೀಸೆಲ್ಲಾ ಬಂದೋರಿಗೆ 'ಬರ್ಕೊಡಿ, ಬಾಯ್ಮಾತು ನಡೆಯಲ್ಲ' ಅಂತ ಓಡಾಡಿಸ್ದೋರು ನೀವು. ಈಗ ಬರ್ಕೊಟ್ಟವ್ಳೆ, ತಕ್ಕಳಿ! ಕರೀರಿ ಆ ಪ್ರಕಾಶನ್ನ."

ಎಲೆಕ್ಟ್ರಿಷಿಯನ್ ಪ್ರಕಾಶ್ ಮಧ್ಯಾಹ್ನದೊಳಗೆ ಬಂದ. ಮೇನ್ ಆಫ್ ಮಾಡಿ, ಗೀಸರಿನ ಅಡಿಯ ಮುಚ್ಚಳ ಬಿಚ್ಚಿದವನು ಹಾಗೇ ನಿಂತ. ಥರ್ಮೋಸ್ಟಾಟನ್ನೂ, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಕಟೌಟನ್ನೂ ಬಿಟ್ಟು, ಎರಡು ವೈರು ನೇರವಾಗಿ ಸೇರಿಸಿ ಕರಿ ಟೇಪು ಸುತ್ತಲಾಗಿತ್ತು.

"ಯಾವ ಪುಣ್ಯಾತ್ಮ ಮಾಡಿದ್ದು ಇದು?" ಸೌಮ್ಯ ಕೇಳಿದಳು.

ಪ್ರಕಾಶ್ ಬೋರಲಿಂಗಯ್ಯನವರ ಕಡೆ ನೋಡಿದ. "ನಾನೇ ಕಣಕ್ಕಾ. ಬೋರ್‌ವೆಲ್ ನೀರಿನ ಸುಣ್ಣ ಕಟ್ಕೊಂಡು ಪದೇಪದೇ ಟ್ರಿಪ್ ಆಗ್ತಿತ್ತು. ಮುಂಚೆ ಇದ್ದ ಬಾಡಿಗೇವ್ರು ದಿನಾ ಕಂಪ್ಲೇಂಟು. 'ಡೈರೆಕ್ಟ್ ಕೊಟ್ಬುಡು ಕಣ್ಲಾ' ಅಂದ್ರು ಈ ಅಣ್ಣ. ಕೊಟ್ಬುಟ್ಟೆ. ಕೊಡಬಾರ್ದಿತ್ತು."

"ಅಂದ್ರೆ ಕೆಟ್ಟೋಗಿದ್ದಲ್ಲ, ಕೆಡಿಸಿದ್ದು." ಸೌಮ್ಯಳ ದನಿ ಏರಿತು. "ಮೂರು ಸಲ ಹೇಳ್ದಾಗ್ಲೂ ಗೊತ್ತಿತ್ತು ನಿಮಗೆ!"

ಬೋರಲಿಂಗಯ್ಯ ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತರು.

ಪ್ರಕಾಶ್ ಅಂಗಡಿಗೆ ಹೋಗಿ ಹೊಸ ಥರ್ಮೋಸ್ಟಾಟು, ಕಟೌಟು ತಂದ. ಟೇಪು ಕಿತ್ತು, ಎರಡನ್ನೂ ಕೂರಿಸಿ, ತಿರುಪನ್ನು ಐವತ್ತು ಡಿಗ್ರಿಗೆ ನಿಲ್ಲಿಸಿದ. ಸ್ವಿಚ್ ಹಾಕಿದ. ಕೆಂಪು ದೀಪ ಹತ್ತಿತು. ಮತ್ತೆ ಮೇಲೆ ಬಂದಿದ್ದ ಚಿನ್ನಮ್ಮನೂ ಸೇರಿ ನಾಲ್ಕೂ ಜನ ಅದನ್ನೇ ನೋಡುತ್ತ ಕಾದರು. ಇಪ್ಪತ್ತು ನಿಮಿಷವಾಗಿರಬೇಕು, ಟಿಕ್ ಎಂದು ದೀಪ ತಾನಾಗಿಯೇ ಆರಿತು.

ಬೋರಲಿಂಗಯ್ಯ ಗಂಟಲು ಸರಿಮಾಡಿಕೊಂಡರು. "ಆಯ್ತಲ್ಲವ್ವ. ಇನ್ನು ಆ ಕಾಗದ ಹರಿದಾಕ್ಬುಡು."

"ಇಲ್ಲ ಸಾರ್. ಗೀಸರು ಸರಿಯಾಯ್ತು. ಕಾಲಿನ್ನೂ ಆಗಿಲ್ಲ." ಅವಳು ಎರಡನೇ ಪ್ರತಿಯನ್ನೂ ಪೆನ್ನನ್ನೂ ಮುಂದೆ ಹಿಡಿದಳು.

ಅವರು ಹೆಂಡತಿಯ ಕಡೆ ನೋಡಿದರು. ಚಿನ್ನಮ್ಮ ಕಣ್ಣಲ್ಲೇ ಪೆನ್ನು ತೋರಿಸಿದಳು. ಬೋರಲಿಂಗಯ್ಯ ಗೋಡೆಗೆ ಹಾಳೆ ಒತ್ತಿಟ್ಟು, 'ಮುಟ್ಟಿದೆ' ಎಂದು ಬರೆದು ಸಹಿ ಹಾಕಿದರು.

"ತಾರೀಕು ಸಾರ್," ಅಂದಳು ಸೌಮ್ಯ.

ತಾರೀಕನ್ನೂ ಹಾಕಿದರು.