ಒಬ್ಬಳಿಗೆ ಇಬ್ಬರು

ನರ್ಸುಗಳನ್ನು ಹೊರದೇಶದ ಆಸ್ಪತ್ರೆಗಳಿಗೆ ಕಳಿಸುವುದೇ ಭಾವನ ಕಸುಬು. ಬಾಯಿ ಬಿಟ್ಟರೆ ವಿಮಾನದ ಮಾತು. ನಾದಿನಿಯ ಅರ್ಜಿಯನ್ನೂ ಅವನೇ ತಿದ್ದಲು ಕುಳಿತ. ಅಲ್ಲಿಯವರು ಮೊದಲು ನೋಡುವುದು ಅರ್ಜಿಯ ನೆತ್ತಿಯ ಮೇಲಿನ ಸಾರಾಂಶವನ್ನು, ಮಿಕ್ಕಿದ್ದನ್ನು ಆಮೇಲೆ ಎನ್ನುತ್ತಿದ್ದ. ಅದೇನೂ ಸುಳ್ಳಲ್ಲ.

"ತೀವ್ರ ನಿಗಾ ಘಟಕ, ವೆಂಟಿಲೇಟರ್ ರೋಗಿಗಳ ಆರೈಕೆ. ಚೆನ್ನಾಗಿದೆ. ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆ, ದೂರುಗಳಿಲ್ಲ. ಇದೂ ಸರಿ. ಒಬ್ಬಳಿಗೆ ಐದು ರೋಗಿಗಳು ಅಂತ ಯಾಕೆ ಬರ್ದಿದ್ದೀಯ?"

"ಐದೇ ಅಲ್ವಾ ಭಾವ ಇರೋದು?"

"ಅಯ್ಯೋ ಪುಣ್ಯಾತ್ಗಿತ್ತಿ! ಐದು ಅಂದ್ರೆ ಅದು ಸಾಮಾನ್ಯ ವಾರ್ಡು ಅಂದ್ಕೋತಾರೆ. ಅಲ್ಲಿ ನಿಗಾ ಘಟಕದಲ್ಲಿ ಒಬ್ಬರಿಗೆ ಒಂದೋ ಎರಡೋ. ಎರಡು ಅಂತ ಹಾಕು, ಯಾರ ಗಂಟು ಹೋಗುತ್ತೆ?"

ಹಾಕಿದಳು. ಅನುಭವ ಪತ್ರಕ್ಕೆ ನರ್ಸಿಂಗ್ ಮುಖ್ಯಸ್ಥೆ ದೊಡ್ಡ ಮೇಡಂ ಸಹಿ ಬೇಕಿತ್ತು. ಹೀಗಾಗಿ ಆ ಸಾರಾಂಶದ ಒಂದು ಪ್ರತಿ ಅವರ ಮೇಜಿಗೂ ಹೋಯಿತು.

ಮರುವಾರ ಮಟಮಟ ಮಧ್ಯಾಹ್ನ ಘಟಕದಲ್ಲಿ ಒಬ್ಬ ರೋಗಿಯ ಹೃದಯ ನಿಂತಿತು. ಡ್ಯೂಟಿ ಡಾಕ್ಟರ್ ಔಷಧಿ ಕೊಡುತ್ತಿದ್ದರು, ಇವಳು ಅವನ ಎದೆ ಒತ್ತುತ್ತಿದ್ದಳು. ಪಕ್ಕೆಲುಬು ಲಟಕ್ಕೆಂದದ್ದು ಅಂಗೈಗೆ ತಿಳಿಯಿತು. ನಿಲ್ಲಿಸುವ ಹಾಗಿರಲಿಲ್ಲ. ಆಚೆ ಮೂಲೆಯ ಹಾಸಿಗೆಯ ಮುದುಕ ಅದೇ ಹೊತ್ತಿಗೆ ಗಂಟಲ ಕೊಳವೆ ಕಿತ್ತುಕೊಂಡ. ಅಲಾರಂ ಬಡಿದುಕೊಂಡಿತು. ಇವಳು ಎದೆ ಒತ್ತುವುದನ್ನು ಡಾಕ್ಟರಿಗೆ ಬಿಟ್ಟು ಓಡಿ ಹೋಗಿ ಮಾಸ್ಕ್ ಒತ್ತುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು. ಅವನು ಉಳಿಯಲಿಲ್ಲ, ಎದೆ ಒತ್ತಿಸಿಕೊಂಡವನೂ ಉಳಿಯಲಿಲ್ಲ.

ಮುದುಕನ ಮಗ ಬಾಗಿಲು ಒದ್ದುಕೊಂಡು ಬಂದ. ಲಾರಿ ಓಡಿಸುವವನು, ಕೈ ಉಕ್ಕಿನಂಥದು. "ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನುತ್ತಾ ಸಲೈನ್ ಸ್ಟ್ಯಾಂಡ್ ಎತ್ತಿ ಬೀಸಿದ. ಮೊದಲ ಏಟಿಗೆ ಮಾನಿಟರ್ ಒಡೆಯಿತು. ಎರಡನೆಯದು ಪಕ್ಕದ ಹೆಂಗಸಿನ ವೆಂಟಿಲೇಟರಿನತ್ತ ಬಂತು. ಇವಳು ಬಲಗೈ ಅಡ್ಡ ಕೊಟ್ಟಳು. ಮಣಿಕಟ್ಟಿನ ಮೂಳೆ ಎರಡಾಯಿತು. ಬಿದ್ದವಳ ಹೊಟ್ಟೆಗೆ ಒದ್ದ, ಜಡೆ ಹಿಡಿದು ನೆಲಕ್ಕೆ ತಲೆ ಕುಟ್ಟಿದ. ಸೆಕ್ಯುರಿಟಿಯವರು ಎಂದಿನಂತೆ ಎಲ್ಲಾ ಮುಗಿದ ಮೇಲೆ ಬಂದರು.

ಲಾರಿಯವನ ಮೇಲೆ ಪೊಲೀಸ್ ಕೇಸಾಯಿತು, ಜಾಮೀನೂ ಸಿಕ್ಕಿತು. ಹೊರಗೆ ಬಂದವನೇ ಇವಳ ನಿರ್ಲಕ್ಷ್ಯದಿಂದ ಅಪ್ಪ ಸತ್ತ ಎಂದು ಕೌನ್ಸಿಲ್‌ಗೆ ದೂರು ಕೊಟ್ಟ. ದೊಡ್ಡ ಮೇಡಂ ಇಬ್ಬರನ್ನೂ ಮಾತುಕತೆಗೆ ಕರೆದರು. ಬಾಗಿಲ ಬಳಿ ಸೆಕ್ಯುರಿಟಿ ನಿಲ್ಲಿಸಿದ್ದರು. ಇವಳ ಕೈಗೆ ಪ್ಲಾಸ್ಟರ್, ಹಣೆಗೆ ಹೊಲಿಗೆ.

"ನಮ್ಮಲ್ಲಿ ಸಿಬ್ಬಂದಿ ಕೊರತೆ ಇಲ್ಲ," ಎಂದು ಮೇಡಂ ನುಣ್ಣಗೆ ಶುರುಮಾಡಿದರು. "ನೋಡಿ, ಸಿಸ್ಟರೇ ಕೈಯಾರೆ ಬರೆದು ಕೊಟ್ಟಿದ್ದಾರೆ. ಒಬ್ಬರಿಗೆ ಇಬ್ಬರೇ ರೋಗಿಗಳು. ಇಬ್ಬರನ್ನ ನೋಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ ಆಸ್ಪತ್ರೆ ಏನು ಮಾಡುತ್ತೆ?"

ಸಾರಾಂಶದ ಹಾಳೆ ಗಾಜಿನ ಮೇಜಿನ ಮೇಲೆ ಬಿತ್ತು. ಇವಳ ಸುಳ್ಳೇ ಇವಳ ಕೊರಳಿಗೆ ಬಂದಿತ್ತು.

"ಅದು ಸುಳ್ಳು," ಎಂದಳು. "ಕೆಲಸ ಸಿಗ್ಲಿ ಅಂತ ಬರ್ದೆ. ಆವತ್ತು ಐದು ಜನ ಇದ್ರು, ಮೂರು ಜನ ವೆಂಟಿಲೇಟರ್ ಮೇಲೆ."

"ಬಾಯಿ ಮುಚ್ಚು! ಅನುಭವ ಪತ್ರ ಬೇಕೋ ಬೇಡ್ವೋ?"

ಲಾರಿಯವನು ಎದ್ದು ನಿಂತ. "ನೀನು ಇನ್ನೊಬ್ಬನ ಹತ್ರ ಇದ್ದೆ. ಹಾಗಾದ್ರೆ ನಮ್ಮಪ್ಪನ್ನ ಯಾರು ನೋಡ್ಕೋತಿದ್ರು?"

"ಯಾರೂ ಇರ್ಲಿಲ್ಲಣ್ಣ."

ಅವನು ಕುರ್ಚಿ ಎತ್ತಿದ. ಈ ಸಲ ಇವಳು ಕೈ ಅಡ್ಡ ಕೊಡಲಿಲ್ಲ, ಕಣ್ಣು ಮುಚ್ಚಿಕೊಂಡಳು. ಕುರ್ಚಿ ಮೇಜಿಗೆ ಅಪ್ಪಳಿಸಿತು. ಗಾಜು ಚೂರುಚೂರಾಗಿ ಮೇಡಂ ಮಡಿಲ ತುಂಬ ಚೆಲ್ಲಿತು. ಸೆಕ್ಯುರಿಟಿಯವರು ಅವನನ್ನು ಗೋಡೆಗೆ ಒತ್ತಿ ಹಿಡಿದರು. ಅವನು "ಯಾರೂ ಇರ್ಲಿಲ್ವಂತೆ, ಯಾರೂ ಇರ್ಲಿಲ್ವಂತೆ" ಎಂದು ಮಗುವಿನಂತೆ ಅಳತೊಡಗಿದ.

ಅವನ ಮೇಲೆ ಇವಳಿಗೆ ಕೊಲ್ಲುವಷ್ಟು ಸಿಟ್ಟಿತ್ತು. ಆದರೂ ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಗಾಜಿನ ಚೂರುಗಳ ನಡುವಿನಿಂದ ಹಾಳೆ ಎಳೆದುಕೊಂಡಳು. ಬೆರಳು ಕುಯ್ದು ರಕ್ತ ಬಂತು. ಎಡಗೈಯಲ್ಲಿ ಪೆನ್ನು ಹಿಡಿದು 'ಎರಡು' ಎಂಬುದನ್ನು ಹೊಡೆದು ಹಾಕಿ ಸೊಟ್ಟಂಪಟ್ಟ 'ಐದು' ಎಂದು ಬರೆದಳು. ನೋಂದಣಿಯ ಸಾಲಿನಲ್ಲಿ 'ದೂರುಗಳಿಲ್ಲ' ಎಂಬುದನ್ನೂ ಹೊಡೆದು, 'ಒಂದು ದೂರು ವಿಚಾರಣೆಯಲ್ಲಿದೆ' ಎಂದು ಸೇರಿಸಿದಳು.

ಮೇಡಂ ಸೀರೆಯ ಗಾಜು ಕೊಡವುತ್ತಾ, "ಇದನ್ನ ಕಳಿಸಿದ್ರೆ ಯಾವ ದೇಶದವರೂ ನಿನ್ನ ತಗೊಳ್ಳಲ್ಲ," ಎಂದರು.

"ಗೊತ್ತು ಮೇಡಂ," ಎಂದು ಸಹಿ ಹಾಕಿದಳು.