ಒಂದು ಪಾಯಿಂಟ್ ಸೊನ್ನೆ ಮೂರು

ಕೇಶವಯ್ಯ ಮೇಷ್ಟ್ರ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಒಬ್ಬರೂ ಫೇಲಾಗಿರಲಿಲ್ಲ. ಈ ಮಾತನ್ನು ಅವರು ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಪರಿಚಯವಿಲ್ಲದವರ ಹತ್ತಿರವೂ ಹೇಳಿಕೊಳ್ಳುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಪಾಠ ಮಾಡಲು ನಿಂತರೆ ಬೋರ್ಡು ತುಂಬಿಸುತ್ತಿದ್ದರು, ಅರ್ಥವಾಗದವರಿಗೆ ಎರಡನೇ ಸಲವೂ ಹೇಳುತ್ತಿದ್ದರು. ಆದರೆ ಲ್ಯಾಬಿನೊಳಗೆ ಕಾಲಿಟ್ಟರೆ ಮಾತ್ರ ಅವರಿಗೆ ನಿದ್ದೆ ಬರುತ್ತಿತ್ತು.

ಅದಕ್ಕೊಂದು ಕಾರಣವಿತ್ತು. ಆ ಲ್ಯಾಬಿನ ಉತ್ತರಗಳೆಲ್ಲ ಮೊದಲೇ ಗೊತ್ತಿದ್ದವು. ಹಾಸ್ಟೆಲಿನಲ್ಲಿ ಒಂದು ಹಳೇ ನೋಟ್‌ಬುಕ್ಕು ಸೀನಿಯರಿನಿಂದ ಜೂನಿಯರಿಗೆ ಕೈ ಬದಲಾಯಿಸುತ್ತ ಬಂದಿತ್ತು. ತೂತಿನ ಟ್ಯಾಂಕಿನ ಪ್ರಯೋಗಕ್ಕೆ ಉತ್ತರ ಸೊನ್ನೆ ಪಾಯಿಂಟ್ ಒಂಬತ್ತು ಏಳು. ಅದನ್ನು ಕೆಳಗೆ ಬರೆದುಕೊಂಡು, ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಮಾಡಿ, ಅಳತೆಗಳನ್ನು ಕೊನೆಗೆ ತುಂಬುವುದು ಅಲ್ಲಿಯ ಪದ್ಧತಿ. ಟ್ಯಾಂಕಿನ ನೀರು ಅದರ ಪಾಡಿಗೆ ಅದು ಸುರಿಯುತ್ತಿತ್ತು, ಹುಡುಗರು ಅವರ ಪಾಡಿಗೆ ಅವರು ಬರೆಯುತ್ತಿದ್ದರು. ಮೇಷ್ಟ್ರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರು.

ಎಂಬತ್ತಾರನೇ ಇಸವಿಯ ಏಪ್ರಿಲ್‌ನಲ್ಲಿ ನಡೆದ ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಹೊರಗಿನಿಂದ ಬಂದವರು ವೆಂಕಟರಾಯಪ್ಪನವರು. ಅವರು ಆ ಕಾಲೇಜಿಗೆ ಬರುತ್ತಿದ್ದುದು ಅದೇ ಮೊದಲು. ಕಟ್ಟುನಿಟ್ಟಿನ ಆಸಾಮಿ, ಕೆಂಪು ಇಂಕಿನ ಪೆನ್ನನ್ನು ಜೇಬಿನಲ್ಲಿಡದೆ ಕೈಯಲ್ಲೇ ಹಿಡಿದು ಓಡಾಡುತ್ತಿದ್ದರು. ಎಂಟು ಜನಕ್ಕೆ ಚೀಟಿಯಲ್ಲಿ ತೂತಿನ ಟ್ಯಾಂಕು ಬಂತು. ತೂತಿನ ಮಟ್ಟದಿಂದ ಮೇಲೆ ನಲವತ್ತು ಸೆಂಟಿಮೀಟರ್ ನೀರು ನಿಲ್ಲಿಸಿ, ಹಾರುವ ಧಾರೆ ಮೂವತ್ತು ಸೆಂಟಿಮೀಟರ್ ಕೆಳಗಿಳಿಯುವಷ್ಟರಲ್ಲಿ ಎಷ್ಟು ಮುಂದೆ ಹೋಗಿರುತ್ತದೆ ಅಂತ ಅಳೆಯಬೇಕು, ಎಲ್ಲರಿಗೂ ಇದೇ ಅಂತ ವೆಂಕಟರಾಯಪ್ಪನವರೇ ಹೇಳಿದರು.

ಹನ್ನೆರಡು ಗಂಟೆಗೆ ಎಂಟು ಹಾಳೆಗಳು ಮೇಜಿನ ಮೇಲೆ ಬಂದವು. ಏಳರಲ್ಲಿ ಸೊನ್ನೆ ಪಾಯಿಂಟ್ ಒಂಬತ್ತು ಏಳು. ಎಂಟನೆಯದರಲ್ಲಿ ಒಂದು ಪಾಯಿಂಟ್ ಸೊನ್ನೆ ಮೂರು.

ಆ ಹಾಳೆ ಗಂಗಾದೇವಿಯದು. ಕಲ್ಯಾಣದುರ್ಗದ ನೇಕಾರರ ಮನೆಯ ಹೆಣ್ಣುಮಗಳು, ಇಪ್ಪತ್ತೇಳು ವರ್ಷ. ಅವಳ ಜೊತೆ ಓದಿದವರೆಲ್ಲ ಕೆಲಸಕ್ಕೆ ಸೇರಿ ವರ್ಷಗಳೇ ಆಗಿದ್ದವು. ತಾಯಿ ಹಾಸಿಗೆ ಹಿಡಿದಾಗ ಓದು ನಿಂತು, ಆಮೇಲೆ ಮತ್ತೆ ಶುರುವಾಗಿ, ಮಿಕ್ಕ ಪೇಪರೆಲ್ಲ ಪಾಸಾಗಿ ಇದೊಂದಕ್ಕೆ ಕೂರುವುದು ಉಳಿದಿತ್ತು. ಹಾಸ್ಟೆಲಿನಲ್ಲಿ ಅವಳು ಒಂದು ದಿನವೂ ಇರಲಿಲ್ಲ, ಹಾಗಾಗಿ ಆ ನೋಟ್‌ಬುಕ್ಕು ಅವಳ ಕೈಗೆ ಸಿಕ್ಕಿರಲಿಲ್ಲ. ನಿಯಮದ ಪ್ರಕಾರ ಓದು ಮುಗಿಸಲು ಅವಳಿಗಿದ್ದ ಗಡುವಿನಲ್ಲಿ ಇದೇ ಕೊನೆಯ ಪರೀಕ್ಷೆ. ಇದೂ ಹೋದರೆ ಹಿಂದೆ ಪಾಸಾದ ಅಷ್ಟೂ ಪೇಪರು ನೀರಿನಲ್ಲಿ ಹೋಮ ಮಾಡಿದಂತೆ.

ವೆಂಕಟರಾಯಪ್ಪನವರು ಹಾಳೆಯನ್ನು ಕೇಶವಯ್ಯನವರ ಮುಂದೆ ತಳ್ಳಿದರು. ಒಂದು ದಾಟಿದ ಉತ್ತರ ಬರೆದವರಿಗೆ ಬರ್ನೌಲಿ ಸಮೀಕರಣದ ಗಂಧವೇ ಇಲ್ಲ ಅಂತ ಅರ್ಥ, ವೈವಾದಲ್ಲಿ ಏನು ಕೇಳುವುದಿದೆ, ಊಟವಾದ ಮೇಲೆ ಸೊನ್ನೆ ಹಾಕುತ್ತೇನೆ ಅಂದರು. ಕೇಶವಯ್ಯನವರಿಗೆ ಹೆದರಿಕೆಯಾಯಿತು. ಹುಡುಗಿಯ ಗತಿ ಏನು ಅನ್ನುವುದು ಒಂದು ಕಡೆ, ಹನ್ನೊಂದು ವರ್ಷದ ಹೆಸರು ಇನ್ನೊಂದು ಕಡೆ. ಎರಡರಲ್ಲಿ ಯಾವುದಕ್ಕೆ ಮೊದಲು ಹೆದರಿದರು ಅಂತ ಕೇಳಿದರೆ ಹೇಳಲು ಅವರಿಗೇ ನಾಚಿಕೆಯಾಗುತ್ತಿತ್ತು.

ವೆಂಕಟರಾಯಪ್ಪನವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟ್ಯಾಂಕಿನ ನೀರಿನ ಮೇಲ್ಮೈಯಲ್ಲಿ ಒಂದು ಬಿಂದು ಹಿಡಿಯಿರಿ, ಅಲ್ಲಿಂದ ಹರಿವಿನ ಗೆರೆ ಹಿಡಿದು ಇಳಿದು ಬಂದು ತೂತಿನ ಹೊರಗೆ ಧಾರೆಯಲ್ಲಿ ಇನ್ನೊಂದು ಬಿಂದು ಹಿಡಿಯಿರಿ. ಎರಡೂ ಕಡೆ ಮೈಮೇಲೆ ಇರುವುದು ಅದೇ ಗಾಳಿಯ ಒತ್ತಡ, ಅದು ಅದಕ್ಕೆ ವಜಾ. ಟ್ಯಾಂಕು ಅಗಲ, ತೂತು ಬೆರಳಿನಷ್ಟು, ಆದ್ದರಿಂದ ಮೇಲಿನ ನೀರು ಕದಲುವುದೇ ಇಲ್ಲ ಅನ್ನಬಹುದು. ಉಳಿಯುವುದು ಎತ್ತರ ಒಂದೇ, ಲೆಕ್ಕದಲ್ಲಿ ಅದೇ ಎಚ್. ಮೇಲೆ ಎತ್ತರವಾಗಿದ್ದ ಶಕ್ತಿಯೆಲ್ಲ ಕೆಳಗೆ ವೇಗವಾಗುತ್ತದೆ, ಎರಡು ಜಿ ಎಚ್‌ನ ವರ್ಗಮೂಲ. ನಿಜವಾದ ನೀರು ಅಂಚಿಗೆ ಉಜ್ಜಿಕೊಂಡು ಬರುವುದರಿಂದ ನೂರಕ್ಕೆ ಎರಡು ಮೂರು ಪಾಲು ಕಳೆದುಕೊಂಡು ತುಸು ನಿಧಾನವಾಗಿ ಬರುತ್ತದೆ. ಧಾರೆ ಹಾರಿದ ದೂರದಿಂದ ಸಿಗುವ ನಿಜದ ವೇಗವನ್ನು ಲೆಕ್ಕದ ವೇಗದಿಂದ ಭಾಗಿಸಿದರೆ ಒಂದಕ್ಕಿಂತ ಸ್ವಲ್ಪ ಕಮ್ಮಿ ಬರಬೇಕು. ಒಂದು ದಾಟಿತು ಅಂದರೆ ನೀರು ಎಲ್ಲಿಂದಲೋ ಪುಕ್ಕಟೆ ಶಕ್ತಿ ತಂದುಕೊಂಡಿದೆ ಅಂತ ಆಯಿತು.

ಊಟದ ಬಿಡುವಿನಲ್ಲಿ ವೆಂಕಟರಾಯಪ್ಪನವರು ಪ್ರಿನ್ಸಿಪಾಲರ ಕೋಣೆಗೆ ಹೋದರು. ಕೇಶವಯ್ಯನವರು ಬುತ್ತಿ ಬಿಚ್ಚಲೇ ಇಲ್ಲ. ಹೊಂಗೆಮರದ ಕೆಳಗೆ ಒಬ್ಬಳೇ ಕೂತಿದ್ದ ಗಂಗಾದೇವಿಯ ಹತ್ತಿರ ಹೋಗಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, ಲೆಕ್ಕದಲ್ಲಿ ಕೈತಪ್ಪಾಗಿದೆ ಅಂತ ಹೇಳಿ ಒಂದು ಗೆರೆ ಹೊಡೆದು ಸರಿ ಮಾಡಿಕೊಡು, ನಾನು ಮಾತಾಡುತ್ತೇನೆ ಅಂದರು. ಎಷ್ಟು ಅಂತ ಬರೆಯಬೇಕು ಅನ್ನುವುದನ್ನೂ ಹೇಳಿದರು.

ಅವಳು ಎದ್ದು ನಿಂತು ಹೇಳಿದಳು:

"ಮೂರು ಸಲ ಅಳೆದೆ ಸಾ. ಮೂರು ಸಲಾನೂ ಎಪ್ಪತ್ತೊಂದರ ಮೇಲೇ ಬಂತು. ಒಂದರ ಮೇಲೆ ಬರಬಾರ್ದು ಅಂತ ನಂಗೂ ಗೊತ್ತು, ನೀವೇ ಹೇಳ್ಕೊಟ್ಟಿದ್ದು. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ. ನೀವೊಂದ್ಸಲ ಅಳ್ದು ನೋಡಿ ಸಾ. ತಪ್ಪಿದ್ರೆ ನಾನೇ ಹೊಡ್ದಾಕಿ ಮನೆಗೆ ಹೋಯ್ತೀನಿ."

ಮೇಷ್ಟ್ರಿಗೆ ಸಿಟ್ಟು ಬಂತು. ಉಪಕಾರ ಮಾಡಲು ಬಂದರೆ ಪಾಠ ಹೇಳುತ್ತಾಳೆ ಅಂದುಕೊಂಡು ಲ್ಯಾಬಿಗೆ ದಡದಡ ನಡೆದರು. ಅವಳ ತಪ್ಪನ್ನು ಎತ್ತಿ ತೋರಿಸಿ ಬಾಯಿ ಮುಚ್ಚಿಸಬೇಕು ಅನ್ನುವುದು ಅವರ ಇರಾದೆ.

ಲ್ಯಾಬಿನಲ್ಲಿ ಅಟೆಂಡರ್ ನರಸಿಂಹಪ್ಪ ಒಬ್ಬನೇ ಇದ್ದ. ರಿಟೈರಾಗಲು ಎರಡು ವರ್ಷ ಉಳಿದಿದ್ದ ಆಳು. ಪಂಪು ಹಾಕಿಸಿ, ಒಳಬರುವ ನೀರಿನ ವಾಲ್ವು ತಿರುವಿ, ಪಕ್ಕದ ಗಾಜಿನ ಕೊಳವೆಯಲ್ಲಿ ಮಟ್ಟ ಅದಕ್ಕೆ ಹೊಂದಿಸಿದ್ದ ಸ್ಕೇಲಿನ ನಲವತ್ತಕ್ಕೆ ನಿಲ್ಲುವಂತೆ ಮಾಡಿದರು. ಅದು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಇಷ್ಟು ಹೊತ್ತು ಹಿಡಿಯುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಸೂಜಿಯನ್ನು ಧಾರೆಗೆ ಮುಟ್ಟಿಸಿ ಅದು ಹಾರಿದ ದೂರ ಅಳೆದರು. ಎಪ್ಪತ್ತೊಂದು ಪಾಯಿಂಟ್ ಮೂರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಅಳೆದರು. ಅಷ್ಟೇ. ಅದರಿಂದ ವೇಗ ತೆಗೆದು ಭಾಗಿಸಿದರೆ ಒಂದು ಪಾಯಿಂಟ್ ಸೊನ್ನೆ ಮೂರು.

ಗಡಿಯಾರದಲ್ಲಿ ಒಂದೂಕಾಲು, ಎರಡಕ್ಕೆ ವೆಂಕಟರಾಯಪ್ಪನವರು ಬರುತ್ತಾರೆ. ಸಮೀಕರಣವನ್ನು ಮನಸ್ಸಿನಲ್ಲಿ ಒಂದೊಂದೇ ಪದವಾಗಿ ಬಿಚ್ಚಿದರು. ಒತ್ತಡ? ಟ್ಯಾಂಕಿಗೆ ಮುಚ್ಚಳವೇ ಇಲ್ಲ. ಮೇಲಿನ ವೇಗ? ನೀರು ಅಲ್ಲಾಡುತ್ತಿಲ್ಲ. ಧಾರೆಯ ಅಳತೆ ತಾವೇ ಎರಡು ಸಲ ಮಾಡಿದ್ದಾಯಿತು. ಉಳಿದದ್ದು ಎತ್ತರ. ನೀರು ಪುಕ್ಕಟೆ ಏನನ್ನೂ ತಂದಿರಲಾರದು, ಹಾಗಾದರೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಎತ್ತರದಿಂದ ಇಳಿದಿದೆ.

ಒಳಬರುವ ನೀರು ನಿಲ್ಲಿಸು ಅಂದರು. ನರಸಿಂಹಪ್ಪ ವಾಲ್ವು ಮುಚ್ಚಿದ. ಟ್ಯಾಂಕಿನ ಮಟ್ಟ ಇಳಿಯುತ್ತ ಹೋಯಿತು, ಧಾರೆ ಹತ್ತಿರ ಹತ್ತಿರಕ್ಕೆ ಬೀಳುತ್ತ ಬಂತು. ಗಾಜಿನ ಕೊಳವೆಯಲ್ಲಿ ನೀರು ಸ್ಕೇಲಿನ ಸೊನ್ನೆ ಮುಟ್ಟಿತು. ಸೊನ್ನೆ ಇರಬೇಕಾದದ್ದು ತೂತಿನ ಮಟ್ಟಕ್ಕೆ, ಧಾರೆ ಅಲ್ಲಿಗೆ ನಿಲ್ಲಬೇಕಿತ್ತು, ಆದರೆ ತೂತಿನಿಂದ ನೀರು ಇನ್ನೂ ಬರುತ್ತಲೇ ಇತ್ತು. ಸೊನ್ನೆ ದಾಟಿ, ಸ್ಕೇಲು ಮುಗಿದ ಮೇಲೂ ಇಳಿದು, ಕೊನೆಗೆ ಧಾರೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ತೊಟ್ಟಿಕ್ಕಿ ನಿಂತಿತು. ಕೇಶವಯ್ಯನವರು ಟೇಪು ಹಿಡಿದರು. ತೂತಿನ ನಡುಮಧ್ಯ ಇರುವುದು ಸ್ಕೇಲಿನ ಸೊನ್ನೆಗಿಂತ ಐದು ಸೆಂಟಿಮೀಟರ್ ಕೆಳಗೆ. ನಲವತ್ತು ಅಂತ ಓದಿದ್ದು ನಿಜಕ್ಕೆ ನಲವತ್ತೈದು. ನಲವತ್ತೈದು ಹಾಕಿ ಲೆಕ್ಕ ಮಾಡಿದರೆ ಗಂಗಾದೇವಿಯ ಎಪ್ಪತ್ತೊಂದಕ್ಕೆ ಉತ್ತರ ಸರಿಯಾಗಿ ಸೊನ್ನೆ ಪಾಯಿಂಟ್ ಒಂಬತ್ತು ಏಳು.

ನರಸಿಂಹಪ್ಪನ ಮುಖ ಬಿಳಿಚಿಕೊಂಡಿತು. "ನಾಕು ವರ್ಷದ ಹಿಂದೆ ಹಳೇ ಸ್ಕೇಲು ತುಕ್ಕು ಹಿಡ್ದು ಬಿದ್ದೋಯ್ತಲ್ಲ ಸಾ, ಹೊಸದು ಕೂರಿಸೋವಾಗ ಕೆಳಗಿನ ಸ್ಕ್ರೂ ಕಚ್ಕೊಳ್ಳಲಿಲ್ಲ. ಒಂಚೂರು ಮೇಲಕ್ಕೆ ಬಡಿದ್ಬುಟ್ಟೆ. ನಿಮ್ಗೆ ತೋರ್ಸಿದ್ದೆ, ನೀವು ಸೈನ್ ಹಾಕಿದ್ರಿ."

ಹಾಕಿದ್ದರು. ಪರಿಶೀಲಿಸಲಾಗಿದೆ ಅಂತ ಬರೆದು, ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ಹಾಕಿದ್ದರು.

ಕೇಶವಯ್ಯನವರು ಸ್ಟೂಲಿನ ಮೇಲೆ ಕುಕ್ಕರಿಸಿದರು. ಈಗ ಅವರಿಗೆ ನಿಜವಾದ ಹೆದರಿಕೆ ಶುರುವಾಯಿತು. ಈ ವಿಷಯ ಬಾಯಿಬಿಟ್ಟರೆ ಹುಡುಗಿ ಉಳಿಯುತ್ತಾಳೆ. ಆದರೆ ಆಮೇಲೆ ಎಂಥ ದಡ್ಡನೂ ಕೇಳುವ ಪ್ರಶ್ನೆಯೊಂದಿದೆ: ತಪ್ಪು ಸ್ಕೇಲಿನಲ್ಲಿ ಮಿಕ್ಕವರಿಗೆಲ್ಲ ಸರಿ ಉತ್ತರ ಹೇಗೆ ಬಂತು, ಅದೂ ನಾಲ್ಕು ವರ್ಷ? ವೆಂಕಟರಾಯಪ್ಪನವರು ಪರೀಕ್ಷಾ ಬೋರ್ಡಿಗೆ ಬರೆದರೆ ಸಸ್ಪೆಂಡ್ ಆದರೂ ಆಗಬಹುದು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಬ್ಬಳು ಫೇಲಾದಳು, ಕಲ್ಯಾಣದುರ್ಗಕ್ಕೆ ವಾಪಸು ಹೋದಳು, ಮಗ್ಗದ ಮುಂದೆ ಕೂತಳು, ಅಷ್ಟೇ. ಸಾಯಂಕಾಲ ಸ್ಕೇಲನ್ನು ಐದು ಸೆಂಟಿಮೀಟರ್ ಕೆಳಗೆ ಬಡಿಸಿದರೆ ಮುಗಿಯಿತು. ನರಸಿಂಹಪ್ಪ ಆಗಲೇ ಸ್ಕ್ರೂಡ್ರೈವರ್ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದ.

"ಈಗ್ಲೇ ಇಳಿಸ್ಬುಡ್ಲಾ ಸಾ?"

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕಿಟಕಿಯಾಚೆ ಗಂಗಾದೇವಿ ಹೊಂಗೆಮರದ ಕೆಳಗೆ ಮಣ್ಣಿನಲ್ಲಿ ಕಡ್ಡಿಯಿಂದ ಏನೋ ಗೀಚಿ ಅಳಿಸಿ ಮತ್ತೆ ಗೀಚುತ್ತಿದ್ದಳು. ಇನ್ನೂ ಲೆಕ್ಕ ಮಾಡುತ್ತಿದ್ದಾಳೆ ಅಂತ ಅವರಿಗೆ ಹೊಳೆಯಿತು. ತಪ್ಪು ತನ್ನದೇ ಅಂತ ನಂಬಿ ಅದನ್ನು ಹುಡುಕುತ್ತಿದ್ದಾಳೆ.

"ಮುಟ್ಟಬ್ಯಾಡ ಕಣಪ್ಪ," ಅಂದರು. "ಹಂಗೇ ಇರ್ಲಿ."

ಎರಡು ಗಂಟೆಗೆ ವೆಂಕಟರಾಯಪ್ಪನವರು ಬಂದು ಕೂತು ಪೆನ್ನಿನ ಕ್ಯಾಪು ತೆಗೆಯುವಷ್ಟರಲ್ಲಿ ಕೇಶವಯ್ಯನವರು ಅವರನ್ನು ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದರು. ಗೋಡೆಗೆ ಅಂಟಿ ನಿಂತ ನೀರನ್ನೂ, ಸೊನ್ನೆಗಿಂತ ಕೆಳಗಿದ್ದ ಕೊಳವೆಯ ಮಟ್ಟವನ್ನೂ ತೋರಿಸಿದರು. ಸ್ಕೇಲು ತಪ್ಪು, ಸಹಿ ನನ್ನದು, ಹುಡುಗಿಯದು ಸರಿ ಅಂತ ಮೂರು ಮಾತಿನಲ್ಲಿ ಹೇಳಿದರು.

ವೆಂಕಟರಾಯಪ್ಪನವರು ಟೇಪು ಕೇಳಿ ತಾವೇ ಅಳೆದರು. ಮೇಜಿಗೆ ವಾಪಸು ಬಂದು ಗಂಗಾದೇವಿಯನ್ನು ಕರೆಸಿದರು. ಇಲ್ಲಿ ಎಚ್ ನಲವತ್ತೈದು ಅಂತ ಹಾಕಿ ಮತ್ತೆ ಮಾಡಮ್ಮ ಅಂದರು. ಅವಳು ನಿಂತಲ್ಲೇ ಮಾಡಿದಳು. ಉತ್ತರ ಬಂದಾಗ ಹಾಳೆಯನ್ನು ಅವರ ಕಡೆ ತಿರುಗಿಸಿದಳು. ಅವರು ಅವಳ ಹಾಳೆಯ ಮೇಲೆ ಐವತ್ತಕ್ಕೆ ನಲವತ್ತಾರು ಹಾಕಿ, ಕೆಳಗೆ ಗೆರೆ ಎಳೆದು, ಹೋಗಮ್ಮ ಅಂದರು. ಬಾಗಿಲಿನವರೆಗೂ ನಡೆದೇ ಹೋದವಳು ಅಲ್ಲಿಂದಾಚೆಗೆ ಓಡಿದ ಸದ್ದು ಕೇಳಿಸಿತು.

ಆಮೇಲೆ ವೆಂಕಟರಾಯಪ್ಪನವರು ಉಳಿದ ಏಳು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಆ ಟ್ಯಾಂಕಿನ ಧಾರೆ ನಿಜಕ್ಕೆ ಹಾರಿದ್ದು ಎಪ್ಪತ್ತೊಂದಕ್ಕೆ. ಏಳೂ ಹಾಳೆಯಲ್ಲಿ ಅರವತ್ತೇಳು ಪಾಯಿಂಟ್ ಎರಡು ಅಂತ ಇತ್ತು. ಒಂದು ಕೂದಲೆಳೆ ಆಚೀಚೆ ಇಲ್ಲ. ಅವರು ಒಂದೊಂದರ ಮೇಲೂ ಬೆರಳಿಟ್ಟು ನೋಡುತ್ತ ಹೋದರು. ಇವರನ್ನು ನಾಳೆ ಮತ್ತೆ ಕೂರಿಸಿ, ನಾನೇ ಪಕ್ಕದಲ್ಲಿ ನಿಂತು ಅಳೆಸುತ್ತೇನೆ ಅಂದರು. ಕೇಶವಯ್ಯನವರು ತಲೆಯಾಡಿಸಿದರು. ಬೋರ್ಡಿಗೆ ಏನು ಬರೆಯುತ್ತಾರೆ ಅಂತ ಕೇಳುವ ಧೈರ್ಯ ಬರಲಿಲ್ಲ.

ವೆಂಕಟರಾಯಪ್ಪನವರು ಅವರ ಮುಖ ನೋಡದೆ, ದನಿ ಎತ್ತರಿಸದೆ ಕೇಳಿದರು.

"ಹುಡುಗರ ಮಾತು ಬಿಡಿ ಮೇಷ್ಟ್ರೇ. ನೀವು ಈ ಟ್ಯಾಂಕಿನ ರೀಡಿಂಗು ಕೊನೇ ಸಲ ತಗಂಡಿದ್ದು ಯಾವಾಗ?"

"ಇವತ್ತು ಮಧ್ಯಾನ ಸಾರ್," ಅಂದರು ಕೇಶವಯ್ಯನವರು.

"ಅದಕ್ಕೂ ಮುಂಚೆ?"

ಕೇಶವಯ್ಯನವರು ಹೇಳಲು ಬಾಯಿ ತೆರೆದರು. ಹನ್ನೊಂದು ವರ್ಷವನ್ನು ಹಿಂದಕ್ಕೆ ಹುಡುಕುತ್ತ ಹೋದರು. ಅಂಥ ಒಂದು ದಿನವೂ ಸಿಗಲಿಲ್ಲ.